ಪೀಠಿಕೆ ಆಲಿಕೆಯಂತೆ ಕಿರಿದಾಗುತ್ತಿಲ್ಲ: ಕೊಳೆರೋಗದ ಲೇಖನಕ್ಕೆ ಸಲಹೆ ಬೇಕು

ಮಲೆನಾಡ ವಿದ್ಯಾರ್ಥಿನಿ:
ನಮಸ್ಕಾರ. ಅಡಿಕೆಯ ಕೊಳೆರೋಗದ ಮೇಲಿನ ನನ್ನ ಮೊದಲ ಸಂಶೋಧನಾ ಲೇಖನ ವಾಪಸ್ ಬಂದಿದೆ. ಪ್ರಯೋಗದ ಬಗ್ಗೆ ತಕರಾರಿಲ್ಲ. ‘ಪೀಠಿಕೆ ಓದಿ ಮುಗಿಸಿದರೂ ಈ ಪ್ರಯೋಗ ಏಕೆ ಬೇಕಿತ್ತೆಂದು ತಿಳಿಯಲಿಲ್ಲ’ ಎಂದು ವಿಮರ್ಶಕರು ಬರೆದಿದ್ದಾರೆ.

ಕೊಳೆ ತಡೆಯಲು ತಾಮ್ರವಿರುವ ಶೇ 1ರ ಬೋರ್ಡೋ ದ್ರಾವಣ ಹೊಡೆದ ಗೊನೆಗಳಲ್ಲಿ, ಮಳೆ ಸುರಿದಂತೆಲ್ಲ ಕಾಯಿಯ ಮೇಲೆ ಎಷ್ಟು ತಾಮ್ರ ಉಳಿಯುತ್ತದೆ ಎಂದು ಒಂದು ತೋಟದಲ್ಲಿ ಒಂದು ಮಳೆಗಾಲ ಅಳೆದಿದ್ದೇನೆ. ಪೀಠಿಕೆಯಲ್ಲಿ ಐದು ಪ್ಯಾರಾಗಳಿವೆ: ಅಡಿಕೆ ಕೃಷಿಯ ಮಹತ್ವ, ಅಡಿಕೆಯ ರೋಗಗಳು, ಕೊಳೆರೋಗ ತರುವ ಫೈಟಾಫ್ತೊರಾ, ಬೋರ್ಡೋ ದ್ರಾವಣದ ಚರಿತ್ರೆ, ಕೊನೆಗೆ ‘ಈ ಬಗ್ಗೆ ಹೆಚ್ಚು ಅಧ್ಯಯನಗಳು ನಡೆದಿಲ್ಲ, ಆದ್ದರಿಂದ ಈ ಅಧ್ಯಯನ ಕೈಗೊಳ್ಳಲಾಯಿತು’. ವಿಶಾಲದಿಂದಲೇ ಶುರುಮಾಡಿದ್ದೇನಲ್ಲ, ತಪ್ಪಿದ್ದೆಲ್ಲಿ?

ಪ್ರಯೋಗಾಲಯದ ಗೆಳೆಯ:
ಮೊದಲ ನಾಲ್ಕೂ ಪ್ಯಾರಾ ತೆಗೆದುಹಾಕಿ, ಉದ್ದೇಶವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಅಡಿಕೆಯ ಮಹತ್ವ ಯಾರಿಗೆ ಗೊತ್ತಿಲ್ಲ?

ಹಳೆಯ ಸಂಪಾದಕ:
ಮೊದಲ ಪ್ಯಾರಾ ಹೋಗಲಿ, ಒಪ್ಪುತ್ತೇನೆ. ಆದರೆ ಉದ್ದೇಶವನ್ನು ಮೊದಲ ಸಾಲಿಗೆ ತಂದರೆ ಅದರ ಅಗತ್ಯ ಓದುಗರಿಗೆ ಇನ್ನೂ ಗೊತ್ತಿರುವುದಿಲ್ಲ.

ತಂಗಿ, ನಿಮ್ಮ ಪೀಠಿಕೆ ವಿಶಾಲವಾಗಿ ಶುರುವಾಗಿ ಹಾಗೆಯೇ ಉಳಿದು, ಕೊನೆಯ ಸಾಲಿನಲ್ಲಿ ಧುಮುಕುತ್ತದೆ. ನಾಲ್ಕು ಪ್ಯಾರಾಗಳನ್ನು ಅದಲುಬದಲು ಮಾಡಿ ನೋಡಿ, ಅರ್ಥವೇನೂ ಕೆಡುವುದಿಲ್ಲ. ಆಲಿಕೆಯಲ್ಲಿ ಹಾಗಾಗಬಾರದು. ಒಂದು ಪ್ಯಾರಾ ಎಬ್ಬಿಸಿದ ಪ್ರಶ್ನೆಯನ್ನು ಮುಂದಿನದು ಹಿಡಿದುಕೊಳ್ಳಬೇಕು.

ಕೆಳಗಿನಿಂದ ಮೇಲಕ್ಕೆ ಕಟ್ಟಿ. ನಿಮ್ಮ ಉದ್ದೇಶದಲ್ಲಿ ಮೂರು ಮಾತುಗಳಿವೆ: ಮಳೆ, ಕಾಯಿ, ಉಳಿದ ತಾಮ್ರ. ಈ ಮೂರರಲ್ಲಿ ಒಂದಕ್ಕೂ ನೆರವಾಗದ ಪ್ಯಾರಾಕ್ಕೆ ಅಲ್ಲಿ ಕೆಲಸವಿಲ್ಲ. ಬೇರೆ ರೋಗಗಳ ಪ್ಯಾರಾ ಹೀಗೆಯೇ ಉದುರಿಹೋಗುತ್ತದೆ.

ಇನ್ನು ಕೊರತೆ. ‘ಹೆಚ್ಚು ಅಧ್ಯಯನ ನಡೆದಿಲ್ಲ’ ಎಂಬುದು ಕೊರತೆಯಲ್ಲ, ಯಾವ ವಿಷಯಕ್ಕೂ ಹೇಳಬಹುದಾದ ಮಾತು. ಮೇಲಾಗಿ ದ್ರಾಕ್ಷಿ ಎಲೆಯ ಮೇಲಿನ ತಾಮ್ರವನ್ನು ಮಳೆ ಎಷ್ಟು ತೊಳೆಯುತ್ತದೆ ಎಂಬ ಅಧ್ಯಯನಗಳಿವೆ. ಅವನ್ನು ಓದಿದ ವಿಮರ್ಶಕರು ನಿಮ್ಮನ್ನು ಅಲ್ಲೇ ಹಿಡಿಯುತ್ತಾರೆ. ತಿಳಿದದ್ದು ಎಲ್ಲಿಯವರೆಗೆ ಎಂದು ಮೊದಲು ಹೇಳಿ, ಆಮೇಲೆ ಅದು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ. ಮಳೆಗಾಲಕ್ಕೆ ಮುಂಚೆ ಒಂದು ಸಿಂಪಡಣೆ, 40–45 ದಿನಗಳ ನಂತರ ಇನ್ನೊಂದು ಎಂಬ ಶಿಫಾರಸು ನಿಮಗೆ ಗೊತ್ತೇ ಇದೆ. ಅದು ದಿನಗಳನ್ನು ಎಣಿಸುತ್ತದೆ, ಬಿದ್ದ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕೊರತೆ ಅಲ್ಲಿದೆ.

ತೋಟದವರು:
ಶಿಫಾರಸಿನ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಜೊತೆಗೆ ರಾಳದ ಅಂಟು ಹಾಕುತ್ತೇವೆ. ಆದರೂ ಹೋದ ವರ್ಷ ಕೊಳೆ ಬಂತು. 45ನೆಯ ದಿನ ಬಂದರೂ ಮಳೆ ಬಿಡಲಿಲ್ಲ, ಜಾರುವ ಮರ ಹತ್ತಲು ಕೊನೆಗೌಡ ಒಪ್ಪಲಿಲ್ಲ. ಬೇರೆ ಅಂಟು ಯಾವುದಾದರೂ ಇದೆಯೇ?

ಹಳೆಯ ಸಂಪಾದಕ:
ಅಂಟಿನ ವಿಷಯ ಕೃಷಿ ವಿಭಾಗದಲ್ಲಿ ಕೇಳಿದರೆ ಅನುಭವಿಗಳು ಹೇಳುತ್ತಾರೆ. ಆದರೆ ತಂಗಿ, ಇವರ ಮಾತನ್ನು ಗಮನಿಸಿ. ಎರಡನೆಯ ಸಿಂಪಡಣೆ ತಡವಾದಾಗ ಮೊದಲನೆಯದರಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತಾಗಬೇಕಾದದ್ದು ಇವರಂಥವರಿಗೇ. ಇದನ್ನು ಪೀಠಿಕೆಗೆ ತನ್ನಿ.

ಮಲೆನಾಡ ವಿದ್ಯಾರ್ಥಿನಿ:
ಮತ್ತೆ ಬರೆದೆ. ಪ್ಯಾರಾಗಳ ಮೊದಲ ಸಾಲುಗಳನ್ನಷ್ಟೇ ಹಾಕುತ್ತಿದ್ದೇನೆ:

‘ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗ ಬಿಡದೆ ಸುರಿಯುವ ಮಳೆಯಲ್ಲಿ ಹರಡುತ್ತದೆ.’
‘ಅದನ್ನು ತಡೆಯುವ ತಾಮ್ರದ ಲೇಪವನ್ನು ತೊಳೆಯುವುದೂ ಅದೇ ಮಳೆ.’
‘ಎರಡನೆಯ ಸಿಂಪಡಣೆಯ ಸಮಯವನ್ನು ದಿನಗಳಲ್ಲಿ ಹೇಳಲಾಗಿದೆ, ಎಷ್ಟು ಮಳೆಗೆ ಕಾಯಿಯ ಮೇಲೆ ಎಷ್ಟು ತಾಮ್ರ ಉಳಿಯುತ್ತದೆ ಎಂಬುದರ ಮೇಲೆ ಅಲ್ಲ.’
‘ಈ ಅಧ್ಯಯನದ ಉದ್ದೇಶ ಕೊಳೆರೋಗ ನಿಯಂತ್ರಣಕ್ಕೆ ಸೂಕ್ತ ಸಿಂಪಡಣಾ ವೇಳಾಪಟ್ಟಿ ರೂಪಿಸುವುದು.’

ಹಳೆಯ ಸಂಪಾದಕ:
ಮೊದಲ ಮೂರು ಸಾಲು ಒಂದರ ಕೈ ಒಂದು ಹಿಡಿದಿವೆ. ಓದಿ ಸಂತೋಷವಾಯಿತು. ನಾಲ್ಕನೆಯದರಲ್ಲಿ ಆಲಿಕೆ ಮತ್ತೆ ಅಗಲವಾಗಿದೆ. ನೀವು ಅಳೆದದ್ದು ತಾಮ್ರವನ್ನು, ಅದೂ ಒಂದು ತೋಟದಲ್ಲಿ. ರೋಗವನ್ನು ಅಳೆಯದೆ ವೇಳಾಪಟ್ಟಿಯ ಮಾತಾಡಿದರೆ ಮುಂದಿನ ವಿಮರ್ಶೆ ಅಲ್ಲಿಂದಲೇ ಶುರುವಾಗುತ್ತದೆ. ‘ಒಂದು ಮಳೆಗಾಲದಲ್ಲಿ, ಬಿದ್ದ ಒಟ್ಟು ಮಳೆಗೆ ಅನುಗುಣವಾಗಿ ಕಾಯಿಯ ಮೇಲೆ ಉಳಿದ ತಾಮ್ರವನ್ನು ಅಳೆಯುವುದು’ ಎಂದಷ್ಟೇ ಬರೆಯಿರಿ. ವೇಳಾಪಟ್ಟಿ ಚರ್ಚೆಯ ಭಾಗಕ್ಕೆ ಹೋಗಲಿ.

ಪ್ರಯೋಗಾಲಯದ ಗೆಳೆಯ:
ಹಾಗಾದರೆ ಚರಿತ್ರೆ? ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದದ್ದನ್ನು ಬಿಡಬಹುದೇ?

ಹಳೆಯ ಸಂಪಾದಕ:
ನಾನಾದರೆ ಎರಡನೆಯ ಪ್ಯಾರಾದಲ್ಲಿ ಒಂದೇ ವಾಕ್ಯ ಇಡುತ್ತೇನೆ.

ಮಲೆನಾಡ ವಿದ್ಯಾರ್ಥಿನಿ:
ನಮ್ಮ ಮಾರ್ಗದರ್ಶಕರಿಗೆ ಪೂರ್ತಿ ಪ್ಯಾರಾ ಬೇಕಂತೆ. ನಾಲ್ಕನೆಯ ಸಾಲು ತಿದ್ದಿದ್ದೇನೆ. ಕೋಲ್ಮನ್ ವಿಷಯ ನಾಳೆ ಅವರೊಡನೆ ಕೂತು ಮಾತಾಡುತ್ತೇನೆ.