ಅಪ್‌ಡೇಟ್: ಟ್ರಾನ್ಸಿಸ್ಟರ್ ಬದಲಿಸಿದರೂ ಕಲೆಕ್ಟರ್ ಕರೆಂಟ್ ಈಗ ಅಲ್ಲಾಡುತ್ತಿಲ್ಲ

ನಾನು ಕೇಳಿದ್ದು: "12 ವೋಲ್ಟ್, ಬಿ.ಸಿ. 547 ಆಂಪ್ಲಿಫೈಯರ್. ಬೇಸ್‌ಗೆ 680 ಕಿಲೋ, 120 ಕಿಲೋ ಓಮ್ ಡಿವೈಡರ್. ಎಮಿಟರಿಗೆ 1 ಕಿಲೋ, ಕಲೆಕ್ಟರಿಗೆ 4.7 ಕಿಲೋ. ಟ್ರಾನ್ಸಿಸ್ಟರ್ ಬದಲಿಸಿದರೆ ಕರೆಂಟೂ ಬದಲಾಗುತ್ತದೆ, ಯಾಕೆ?"

ಡಿವೈಡರಿನ ಅನುಪಾತ ಹಾಗೇ ಇಟ್ಟು ಎರಡೂ ರೆಸಿಸ್ಟರನ್ನು ಹತ್ತನೇ ಒಂದಕ್ಕೆ ಇಳಿಸಿ ಅಂದ ಮೈಸೂರಿನ ಮೇಷ್ಟ್ರ ಸಲಹೆ ಕೆಲಸ ಮಾಡಿತು. 68 ಕಿಲೋ, 12 ಕಿಲೋ ಹಾಕಿದೆ. ಮೊದಲು ಗೇನ್ 150ರ ಪೀಸಿಗೆ ಸುಮಾರು 0.68 ಮಿಲಿಆಂಪ್, 450ರದ್ದಕ್ಕೆ 0.94 ಬರುತ್ತಿತ್ತು. ಈಗ 1.07 ಮತ್ತು 1.12, ಅಷ್ಟೇ ವ್ಯತ್ಯಾಸ.

ಕಾರಣ ಸರಳ. ಹಳೇ ಡಿವೈಡರಿನಲ್ಲಿ ಹರಿಯುತ್ತಿದ್ದದ್ದೇ 15 ಮೈಕ್ರೋಆಂಪ್. ಕಡಿಮೆ ಗೇನಿನ ಟ್ರಾನ್ಸಿಸ್ಟರ್ ಅದರಲ್ಲಿ ನಾಲ್ಕೂವರೆಯಷ್ಟು ಬೇಸಿಗೇ ಎಳೆದುಕೊಳ್ಳುತ್ತಿತ್ತು, ವೋಲ್ಟೇಜ್ ಕುಸಿಯುತ್ತಿತ್ತು. ಈಗ 150 ಹರಿಯುತ್ತದೆ, ಬೇಸ್ ಎಳೆಯುವ ಏಳು ಅದಕ್ಕೆ ಲೆಕ್ಕವೇ ಅಲ್ಲ. ಎರಡು ರೆಸಿಸ್ಟರಿನ ಪ್ಯಾರಲಲ್ ಬೆಲೆ, ಗೇನ್ ಗುಣಿಸು ಎಮಿಟರ್ ರೆಸಿಸ್ಟರಿನ ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕು. ಅತಿ ಕಡಿಮೆ ಗೇನಿನ ಪೀಸನ್ನೇ ಲೆಕ್ಕಕ್ಕೆ ಹಿಡಿಯಿರಿ.

ಮೀಟರಿನಲ್ಲಿ ಗೇನ್ ನೋಡಿ ಆರಿಸಿ ಹಾಕು ಅಂದವರ ಸಲಹೆ ಉಪಯೋಗಕ್ಕೆ ಬರಲಿಲ್ಲ, ಪೀಸು ಸುಟ್ಟರೆ ಮತ್ತೆ ಹುಡುಕಾಟ. ಇನ್ನೂ ಇಳಿಸಿ 6.8 ಮತ್ತು 1.2 ಕಿಲೋ ಹಾಕಿದರೆ ಇನ್‌ಪುಟ್ ಇಂಪೆಡೆನ್ಸ್ ಸುಮಾರು 1 ಕಿಲೋಗೆ ಇಳಿದು ಮೈಕಿನ ಸಿಗ್ನಲ್ಲೇ ಕುಗ್ಗಿತು.

ಗೊತ್ತಿರದಿದ್ದದ್ದು ಒಂದಿತ್ತು. ಬೆಸುಗೆ ಕಡ್ಡಿ ಹತ್ತಿರ ಹಿಡಿದರೆ ಕರೆಂಟ್ ಈಗಲೂ ಏರುತ್ತದೆ. ಅದು ಗೇನಿನ ಆಟವಲ್ಲ; ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಮಂಡ್ಯದ ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ 25 ಡಿಗ್ರಿ ಏರಿದರೂ ವ್ಯತ್ಯಾಸ ನೂರಕ್ಕೆ ನಾಲ್ಕೈದು, ಯಾಕಂದ್ರೆ ಎಮಿಟರ್ ಮೇಲೆ 1 ವೋಲ್ಟಿಗಿಂತ ಜಾಸ್ತಿ ಇದೆ.