100ರವರೆಗೆ ಸರಿಬಂದ ಕನ್ವರ್ಸ್

ಪಿಯು_ಹುಡುಗಿ: "n ಅವಿಭಾಜ್ಯ ಸಂಖ್ಯೆ ಆದರೆ 2ⁿ − 2 ಅನ್ನು n ಶೇಷವಿಲ್ಲದೆ ಭಾಗಿಸುತ್ತದೆ." ಇದರ ಕನ್ವರ್ಸನ್ನು, ಅಂದರೆ "2ⁿ − 2 ಅನ್ನು n ಶೇಷವಿಲ್ಲದೆ ಭಾಗಿಸಿದರೆ n ಅವಿಭಾಜ್ಯ" ಅನ್ನೋದನ್ನು, 2ರಿಂದ 100ರವರೆಗೆ ನೋಡಿದೆ, ಎಲ್ಲೂ ತಪ್ಪಲಿಲ್ಲ. ಎರಡೂ ಸಮಾನ ಅಂತ ಬರೆಯಬಹುದಾ?

ನಿವೃತ್ತ_ಮೇಷ್ಟ್ರು: ಬೇಡಮ್ಮ. 341 ಹಾಕಿ ನೋಡು. 2¹⁰ ಅಂದರೆ 1024, ಅದು 3 × 341 + 1. ಶೇಷ 1 ಉಳಿಯಿತು. ಅದನ್ನೇ 34 ಸಲ ಗುಣಿಸಿದರೆ 2³⁴⁰, ಅದಕ್ಕೂ ಶೇಷ 1. ಇನ್ನೊಂದು 2 ಸೇರಿಸಿ ಗುಣಿಸಿದರೆ ಶೇಷ 2, ಅದರಲ್ಲಿ 2 ಕಳೆದರೆ ಸೊನ್ನೆ. ಭಾಗ ಆಯ್ತಲ್ವಾ? ಆದರೆ 341 = 11 × 31. 340ರವರೆಗೆ ನೆಟ್ಟಗೆ ಬಂದ ಕನ್ವರ್ಸ್ ಇಲ್ಲಿ ಕೈಕೊಡುತ್ತದೆ.

ಕೋಡ್_ಕಾಫಿ: ನಂಬದವರು ಓಡಿಸಿ ನೋಡಿ:

```
for n in range(3, 1000):
    if pow(2, n, n) == 2 and any(n % d == 0 for d in range(2, n)):
        print(n)
```

341, 561, 645 ಬರುತ್ತವೆ. ಸಾವಿರದೊಳಗೆ ಮೂರೇ!

ಮಲ್ಲಿಗೆ: ಹಾಗಂತ ಕನ್ವರ್ಸ್ ಯಾವಾಗಲೂ ಸುಳ್ಳೇನಲ್ಲ. ಪೈಥಾಗೊರಸ್ ಪ್ರಮೇಯ, ಅದರ ಕನ್ವರ್ಸ್ ಎರಡೂ ನಿಜ. ಅಲ್ಲಿ ಎರಡೂ ಸಮಾನ.

ನಿವೃತ್ತ_ಮೇಷ್ಟ್ರು: ಎರಡೂ ನಿಜ, ಒಪ್ಪಿದೆ. ಆದರೆ ಒಂದನ್ನು ಸಾಧಿಸಿದ್ದಕ್ಕೆ ಇನ್ನೊಂದು ಪುಕ್ಕಟೆ ಸಿಗಲಿಲ್ಲ, ಅದಕ್ಕೆ ಬೇರೆ ಸಾಧನೆ ಬೇಕಾಯ್ತು. ಟೇಬಲ್ ನೋಡಿ. P ಅಂದರೆ "n ಅವಿಭಾಜ್ಯ", Q ಅಂದರೆ "ಭಾಗ ಆಗುತ್ತದೆ"; → ಅಂದರೆ "ಆದರೆ", ¬ ಅಂದರೆ "ಅಲ್ಲ"; ಸ ಸತ್ಯ, ತ ತಪ್ಪು:

| P | Q | P→Q | Q→P | ¬Q→¬P |
|---|---|---|---|---|
| ಸ | ಸ | ಸ | ಸ | ಸ |
| ಸ | ತ | ತ | ಸ | ತ |
| ತ | ಸ | ಸ | ತ | ಸ |
| ತ | ತ | ಸ | ಸ | ಸ |

ಮೂರನೇ ಕಾಲಂ ಮತ್ತು ಕೊನೆಯದು, ಅಂದರೆ ಕಾಂಟ್ರಾಪಾಸಿಟಿವ್, ಸಾಲುಸಾಲಿಗೂ ಒಂದೇ. ನಡುವಿನ ಕನ್ವರ್ಸ್ ಎರಡು ಕಡೆ ಬೇರೆ. 341 ಕೂತಿರುವುದು ಮೂರನೇ ಸಾಲಿನಲ್ಲಿ: ಅವಿಭಾಜ್ಯ ಅಲ್ಲ, ಆದರೂ ಭಾಗ ಆಗುತ್ತದೆ.

ಅಪ್ಪ_ಆಫ್_ಟೂ: ಕಾಂಟ್ರಾಪಾಸಿಟಿವ್ ಅಂದರೆ ಎರಡೂ ಕಡೆ "ಅಲ್ಲ" ಸೇರಿಸೋದು ತಾನೆ? ನನ್ನ ಮಗ "ಅವಿಭಾಜ್ಯ ಅಲ್ಲದಿದ್ದರೆ ಭಾಗ ಆಗುವುದಿಲ್ಲ" ಅಂತ ಬರೆದಿದ್ದಕ್ಕೆ ಸೊನ್ನೆ ಕೊಟ್ಟಿದ್ದಾರೆ. ಅನ್ಯಾಯ ಅಲ್ವಾ?

ಕೋಡ್_ಕಾಫಿ: ಇಲ್ಲ ಸಾರ್, ಹಿಂದುಮುಂದು ಕೂಡ ಮಾಡಬೇಕು. ಮಗ ಬರೆದದ್ದು ವೇಷ ಹಾಕಿದ ಕನ್ವರ್ಸ್. 341 ಅದನ್ನೂ ಬೀಳಿಸುತ್ತದೆ. ಸರಿಯಾದದ್ದು "ಭಾಗ ಆಗದಿದ್ದರೆ ಅವಿಭಾಜ್ಯ ಅಲ್ಲ". 9 ತಗೊಳ್ಳಿ: 2⁹ − 2 = 510, 9ರಿಂದ ಭಾಗಿಸಿದರೆ 6 ಉಳಿಯುತ್ತದೆ. ಅಪವರ್ತನ ಹುಡುಕದೆಯೇ 9 ಅವಿಭಾಜ್ಯ ಅಲ್ಲ ಅಂತ ಗೊತ್ತಾಯ್ತು. ದೊಡ್ಡ ಸಂಖ್ಯೆಗಳಿಗೆ ಇದು ನಿಜಕ್ಕೂ ಉಪಯೋಗ. ಆದರೆ ಭಾಗ ಆಯ್ತು ಅಂದರೆ ಮಾತ್ರ ಏನೂ ತೀರ್ಮಾನ ಆಗಲ್ಲ.

ಮಲ್ಲಿಗೆ: ಮೇಷ್ಟ್ರೇ, ಪೈಥಾಗೊರಸ್‌ನಲ್ಲಿ ಎರಡೂ ಸತ್ಯ ಅಂದ ಮೇಲೆ ಸಮಾನ ಅನ್ನೋಕೆ ಏನಡ್ಡಿ?

ನಿವೃತ್ತ_ಮೇಷ್ಟ್ರು: ಹಾಗಾದರೆ 2 + 2 = 4 ಕೂಡ ಪೈಥಾಗೊರಸ್‌ಗೆ ಸಮಾನ ಆಯ್ತು!

ಮಲ್ಲಿಗೆ: ಟೇಬಲ್ ಪ್ರಕಾರ ಸತ್ಯ-ಸತ್ಯ ಬಂದರೆ ಹಾಗೇ ತಾನೆ? ನಾನಂತೂ ಬಿಡಲ್ಲ.

ಪಿಯು_ಹುಡುಗಿ: ಸಾರ್, ಇನ್ನೊಂದು. ಟೇಬಲ್ ಒಂದೊಂದೇ n ನೋಡುತ್ತೆ. "ಎಲ್ಲಾ n" ಅನ್ನೋದನ್ನು ಯಾವ ಸಾಲಿನಲ್ಲಿ ಬರೆಯೋದು?