ಹುಡುಗಿಗೆ ಏಳನೇ ಮನ್ಯಾಗ ಕುಜ, ಹುಡುಗನಿಗೆ ಕುಜ ದೋಷನ ಇಲ್ಲ: ಪಾಪ ಸಾಮ್ಯ ಹೆಂಗ ನೋಡೂದು?

ಕೇಶ್ವಾಪುರದ ಅಪ್ಪ (ಹುಬ್ಬಳ್ಳಿ):
ಮಗಳ ಕುಂಡಲ್ಯಾಗ ಏಳನೇ ಮನ್ಯಾಗ ಕುಜ ಅದಾನ. ನೋಡಿದ ಹುಡುಗಗ ಕುಜ ದೋಷ ಇಲ್ಲ. ಒಬ್ಬ ಪಂಡಿತರು "ಕರ್ಕದಾಗ ಏಳನೇ ಕುಜ ಅಂದ್ರ ದೋಷ ಭಂಗ, ಮುಂದುವರೀರಿ" ಅಂದ್ರು. ಇನ್ನೊಬ್ರು "ಕುಜ ನೀಚ ಆಗ್ಯಾನ, ಈ ಸಂಬಂಧ ಬ್ಯಾಡ" ಅಂದ್ರು. ಕೇರಳದ ಕಡೆ ಪಾಪ ಸಾಮ್ಯ ನೋಡ್ತಾರಂತ, ಅದನ್ನ ನೋಡಿದ್ರ ಏನ್ ಬರ್ತೈತಿ?
ಮಗಳು, 1996 ಅಕ್ಟೋಬರ್: ಲಗ್ನ ಮಕರ, ಚಂದ್ರ ಮಿಥುನ, ಕುಜ ಕರ್ಕ, ಶುಕ್ರ ಸಿಂಹ, ರವಿ ಮತ್ತು ರಾಹು ಕನ್ಯಾ, ಗುರು ಧನು, ಶನಿ ಮೀನ.
ಹುಡುಗ, 1994 ಡಿಸೆಂಬರ್: ಲಗ್ನ ಮತ್ತು ರವಿ ವೃಶ್ಚಿಕ, ಚಂದ್ರ ಧನು, ಶನಿ ಕುಂಭ, ಕುಜ ಸಿಂಹ, ಶುಕ್ರ ಮತ್ತು ರಾಹು ತುಲಾ.

ರಾಣೇಬೆನ್ನೂರು ಹುಡುಗ:
ಅಣ್ಣಾರ, ಇದರಾಗ ತಲಿ ಕೆಡಿಸ್ಕೊಳ್ಳೂದು ಏನೂ ಇಲ್ಲ. ಇಬ್ಬರಿಗೂ ಕುಜ ದೋಷ ಇದ್ರ ಒಬ್ಬರದು ಒಬ್ಬರಿಗೆ ಹೊಡದು ಹೋಗತೈತಿ, ಅದಕ್ಕ ಪಾಪ ಸಾಮ್ಯ ಅಂತಾರ. ನಿಮ್ಮ ಹುಡುಗಗ ದೋಷ ಇಲ್ಲಂದ್ರ ಸಾಮ್ಯ ಆಗಂಗಿಲ್ಲ, ಅಷ್ಟ. ಆದ್ರ ಗುರು ಸ್ವಂತ ಮನಿ ಧನುದಾಗ ಅದಾನ, ಅವನ ದೃಷ್ಟಿ ಕುಜನ ಮ್ಯಾಲ ಬಿದ್ರ ಮತ್ತ ಭಂಗ ಆತು.

ಮಾಳಮಡ್ಡಿ ಕಾಕಾ (ಧಾರವಾಡ):
ತಮ್ಮಾ, ಅರ್ಧ ಖರೆ ಹೇಳಿದಿ. ಇಬ್ಬರಿಗೂ ಕುಜ ಇದ್ರ ಸರಿಹೋಗ್ತದ ಅನ್ನೂದು ಸಾಮ್ಯದ ಒಂದು ತುಣುಕು ಅಷ್ಟ. ಪಾಪ ಸಾಮ್ಯದಾಗ ಕುಜ ಒಬ್ಬನ್ನ ಹಿಡಕೊಂಡು ಕೂಡೂದಿಲ್ಲ. ಕುಜ, ಶನಿ, ರವಿ, ರಾಹು ನಾಲ್ಕೂ ಮಂದಿ ಲೆಕ್ಕಕ್ಕ ಬರ್ತಾರ. ಹುಡುಗಿಗೆ ಕುಜನಿಂದ ಬಂದ ಭಾರಕ್ಕ ಹುಡುಗಗ ಶನಿಯಿಂದನೋ ರಾಹುವಿನಿಂದನೋ ಬಂದ ಭಾರ ಜೋಡಿ ಆಗಬಹುದು. ಗುರು ದೃಷ್ಟಿದು ತಪ್ಪು. ಧನುದಿಂದ ಕರ್ಕ ಎಂಟನೇ ಮನಿ, ಗುರು ನೋಡೂದು ಐದು, ಏಳು, ಒಂಬತ್ತು. ಅವನ ಏಳನೇ ದೃಷ್ಟಿ ಹುಡುಗಿ ಚಂದ್ರನ ಮ್ಯಾಲ ಬೀಳ್ತದ, ಕುಜನ ಮ್ಯಾಲ ಅಲ್ಲ.

ಇನ್ನ ಲೆಕ್ಕ. ಈ ನಾಲ್ಕು ಗ್ರಹ 1, 2, 4, 7, 8, 12ನೇ ಮನ್ಯಾಗ ಅದಾವೇನು ನೋಡಬೇಕು. ಲಗ್ನದಿಂದ ಎಣಿಸಿ ಸಿಕ್ಕರ ಪೂರ್ತಿ ಒಂದು, ಚಂದ್ರನಿಂದ ಅರ್ಧ, ಶುಕ್ರನಿಂದ ಕಾಲು.

ಮಗಳದು ಮೊದಲ ನೋಡೂಣು. ಮಕರ ಲಗ್ನದಿಂದ ಕುಜ ಏಳರಾಗ, ಒಂದು. ಶನಿ ಮೂರರಾಗ, ರವಿ ರಾಹು ಒಂಬತ್ತರಾಗ, ಇವು ಬರೂದಿಲ್ಲ. ಮಿಥುನದ ಚಂದ್ರನಿಂದ ಕುಜ ಎರಡರಾಗ, ರವಿ ರಾಹು ನಾಲ್ಕರಾಗ, ಮೂರು ಅರ್ಧ ಕೂಡಿ 1.5. ಸಿಂಹದ ಶುಕ್ರನಿಂದ ನೋಡಿದ್ರ ಕುಜ ಹನ್ನೆರಡು, ರವಿ ರಾಹು ಎರಡು, ಶನಿ ಎಂಟು, ನಾಲ್ಕೂ ಬಂದವು, ಅಂದ್ರ 1. ಒಟ್ಟು 3.5.

ಹುಡುಗಂದು. ವೃಶ್ಚಿಕ ಲಗ್ನದಾಗ ರವಿ, ನಾಲ್ಕರಾಗ ಶನಿ, ಹನ್ನೆರಡರಾಗ ರಾಹು, ಅಲ್ಲೇ 3 ಆತು. ಕುಜ ಹತ್ತರಾಗ ಆರಾಮ ಕೂತಾನ. ಧನುವಿನ ಚಂದ್ರನಿಂದ ರವಿ ಒಬ್ಬನ ಹನ್ನೆರಡಕ್ಕ ಬರ್ತಾನ, 0.5. ತುಲಾದ ಶುಕ್ರನಿಂದ ರಾಹು ಒಂದರಾಗ, ರವಿ ಎರಡರಾಗ, 0.5. ಒಟ್ಟು 4.

ಕುಜನ್ನಷ್ಟ ನೋಡಿದವ್ರಿಗೆ ಇದು ಹೊಂದದ ಜೋಡಿ ಅನಸ್ತದ. ನಾಲ್ಕೂ ನೋಡಿದ್ರ 3.5ಕ್ಕ 4. ಹುಡುಗಂದು ಸಮ ಇರಬೇಕು, ಇಲ್ಲಾ ತುಸು ಮ್ಯಾಲ ಇರಬೇಕು ಅಂತ ರೂಢಿ, ಅದೂ ಕೂಡಿ ಬಂದದ. ಆ ಮೊದಲನೇ ಪಂಡಿತರು ಭಂಗ ಅಂತ ಕುಜನ ಲೆಕ್ಕನ ಅಳಿಸಿಬಿಟ್ಟರಲ್ಲ, ಅದು ನನಗ ಒಪ್ಪಿಗಿ ಇಲ್ಲ. ಕುಜ ಅಲ್ಲೇ ಅದಾನ, ಭಾರನೂ ಅದ. ಅದಕ್ಕ ಎದುರು ಭಾರ ಅದ ಏನು ಅಂತ ಕೇಳೂದು ಹೆಚ್ಚು ನ್ಯಾಯ.

ಹಾವೇರಿ ಅಕ್ಕ:
ಕಾಕಾರ, ನಮಸ್ಕಾರ್ರಿ. ನನ್ನ ಮಗಳಿಗೆ ಎಂಟನೇ ಮನ್ಯಾಗ ಕುಜ, ಈಗ 29 ವರ್ಷ. ಕುಂಭ ವಿವಾಹ ಮಾಡಸ್ರಿ ಅಂತಾರ. ಈ ಪಾಪ ಸಾಮ್ಯ ಮಾಡಸಾಕ ಏನೇನು ಸಾಮಾನು ಬೇಕು, ಎಲ್ಲಿ ಮಾಡಸಬೇಕು? ದೇವಸ್ಥಾನದಾಗ ಮಾಡಿದ್ರ ನಡೀತೈತೇನ್ರಿ?

ಮಾಳಮಡ್ಡಿ ಕಾಕಾ (ಧಾರವಾಡ):
ಅವ್ವಾ, ಇದು ಪೂಜಾ ಅಲ್ಲ, ಶಾಂತಿನೂ ಅಲ್ಲ. ಇದಕ್ಕ ಸಾಮಾನು ಬೇಕಾಗಿಲ್ಲ, ಇನ್ನೊಂದು ಕುಂಡಲಿ ಬೇಕು. ಒಬ್ಬರ ಕುಂಡಲಿ ನೋಡಿ ಪಾಪ ಸಾಮ್ಯ ಅದನೋ ಇಲ್ಲೋ ಹೇಳಾಕ ಬರೂದಿಲ್ಲ. ನಿಮ್ಮ ಮಗಳದು ಎಷ್ಟು ಬರ್ತದ ಅಂತ ಒಮ್ಮೆ ಕೂಡಿಸಿ ಬರದಿಟ್ಕೊಳ್ರಿ. ಆಮ್ಯಾಲ ಬರೂ ಹುಡುಗರದನ್ನ ಅದರ ಜೋಡಿ ಇಟ್ಟು ನೋಡ್ರಿ. ಕುಜ ಇದ್ದ ಹುಡುಗನ್ನ ಹುಡುಕಿ ಹುಡುಕಿ ನೀವು ವರ್ಷ ಕಳದಿರಬೇಕು. ಶನಿ, ರಾಹು ಗಟ್ಟಿ ಇದ್ದ ಹುಡುಗನೂ ನಡೀತಾನ.

ಹಾವೇರಿ ಅಕ್ಕ:
ಖರೇನ್ರಿ ಕಾಕಾರ, ನಾಲ್ಕು ವರ್ಷ ಅದನ್ನ ಮಾಡೀವಿ. ಮಂಗಳೀಕ ಅಲ್ಲ ಅಂತ ಮೂರು ಚಲೋ ಸಂಬಂಧ ನಾವ ಬಿಟ್ಟೀವಿ. ಆದ್ರ ಇದೊಂದು ಹೇಳ್ರಿ, ಹುಡುಗಂದು ಹೆಚ್ಚಿದ್ರ ನಡೀತೈತಿ, ಹುಡುಗೀದು ಹೆಚ್ಚಿದ್ರ ಯಾಕ ನಡ್ಯಂಗಿಲ್ಲ?

ಮಾಳಮಡ್ಡಿ ಕಾಕಾ (ಧಾರವಾಡ):
ಹೆಣ್ಣಿನ ಎಂಟನೇ ಮನಿಗೆ ಮಾಂಗಲ್ಯ ಸ್ಥಾನ ಅಂತ ಹಿರಿಯಾರು ಹೇಳ್ಯಾರ. ಅದಕ್ಕ ಪಾಪ ಹತ್ತಿದ್ರ ಗಂಡನ ಆಯುಷ್ಯಕ್ಕ ಅಂಜಿಕಿ ಅಂತ ಆ ನಿಯಮ ಬಂತು. ನಾನು ಅರ್ಧ ಅಂಕ ಹೆಚ್ಚಿದ್ರ ತಕರಾರು ತಗಿಯೂದಿಲ್ಲ. ಒಂದೂವರಿ ಎರಡು ಹೆಚ್ಚಿದ್ರ ಸುಮ್ಮನ ಬಿಡೂದಿಲ್ಲ. ಇದು ನನ್ನ ಪದ್ಧತಿ, ಎಲ್ಲಾರದೂ ಇದ ಅಂತ ಹೇಳೂದಿಲ್ಲ.

ಬೆಟಗೇರಿ ಮಾಸ್ತರ (ಗದಗ):
ಗಣಿತ ಕಲಿಸುವವನು, ಜ್ಯೋತಿಷ್ಯದ ಬಗ್ಗೆ ನನಗೆ ನಂಬಿಕೆ ಕಡಿಮೆ. ಆದರೂ ಲೆಕ್ಕ ಓದಿದ ಮೇಲೆ ಕೇಳಬೇಕು ಅನ್ನಿಸಿತು. ಮೊದಲನೆಯದು, ನೀಚ ಕುಜನಿಗೂ ಉಚ್ಚ ಕುಜನಿಗೂ ಒಂದೇ ತೂಕವೇ? ಎರಡನೆಯ ಪಂಡಿತರ ಆಕ್ಷೇಪ ಇದ್ದದ್ದೇ ಅಲ್ಲಿ, ನಿಮ್ಮ ಕೋಷ್ಟಕ ಅದನ್ನು ಮುಟ್ಟಲೇ ಇಲ್ಲ. ಎರಡನೆಯದು, ಕೇತುವನ್ನು ಯಾಕೆ ಬಿಟ್ಟಿರಿ? ಒಂದು ಅಂಕಿಯನ್ನು ಸೇರಿಸಿದರೆ ಬಿಟ್ಟರೆ ಉತ್ತರ ಬದಲಾಗುವುದಾದರೆ ಆ ಉತ್ತರದ ಮೇಲೆ ಮದುವೆ ನಿಲ್ಲಿಸುವುದು ಹೇಗೆ?

ಮಾಳಮಡ್ಡಿ ಕಾಕಾ (ಧಾರವಾಡ):
ಮಾಸ್ತರ, ಕೇತುನ್ನ ಹಿಡಿಯವ್ರೂ ಇದ್ದಾರ. ಇಲ್ಲಿ ಹಿಡದು ನೋಡೂಣು. ಮಗಳಿಗೆ ಕೇತು ಮೀನದಾಗ, ಶುಕ್ರನಿಂದ ಎಂಟು, ಕಾಲು ಹೆಚ್ಚಾಗಿ 3.75. ಹುಡುಗಗ ಮೇಷದಾಗ, ಶುಕ್ರನಿಂದ ಏಳು, ಅವನದೂ ಕಾಲು ಹೆಚ್ಚಾಗಿ 4.25. ಅಂತರ ಅಷ್ಟ ಉಳೀತು. ಎಲ್ಲಾ ಜೋಡ್ಯಾಗೂ ಹಿಂಗ ಉಳೀತದ ಅಂತಲ್ಲ.

ನೀಚದ ಮಾತು ನೀವು ಸರಿಯಾಗಿ ಹಿಡದೀರಿ. ಸ್ವಕ್ಷೇತ್ರ, ಮಿತ್ರ, ಶತ್ರು, ನೀಚ ನೋಡಿ ತೂಕ ಏರಿಳಿಸೋ ಪದ್ಧತಿನೂ ಅದ. ಅದರಾಗ ಈ ಹುಡುಗೀದು 3.5 ನಿಲ್ಲೂದಿಲ್ಲ, ಏರ್ತದ, ಯಾಕಂದ್ರ ಅವಳ ಭಾರದಾಗ ಅರ್ಧ ಪಾಲು ಕುಜನದ. ಲಗ್ನದಿಂದ ಒಂದು, ಚಂದ್ರನಿಂದ ಅರ್ಧ, ಶುಕ್ರನಿಂದ ಕಾಲು, ಕೂಡಿ 1.75. ನನ್ನ ಅನುಭವದಾಗ ಸಾದಾ ಎಣಿಕಿ ಸಾಕಾಗ್ತದ, ಆದ್ರ ನಿಮ್ಮ ಆಕ್ಷೇಪಕ್ಕ ಇದು ಪೂರ್ತಿ ಉತ್ತರ ಅಲ್ಲ.

ಕೇಶ್ವಾಪುರದವ್ರ, ನಾನು ನಿಮ್ಮನ್ನ ಮೊದಲ ಕೇಳಬೇಕಾಗಿತ್ತು. ಮಗಳ ಲಗ್ನ ಮಕರದಾಗ ಎಷ್ಟು ಅಂಶ? ಜನನ ಸಮಯ ಯಾರು ಬರಕೊಂಡಿದ್ರು?

ಕೇಶ್ವಾಪುರದ ಅಪ್ಪ (ಹುಬ್ಬಳ್ಳಿ):
ಮಧ್ಯಾಹ್ನ 3 ಗಂಟೆ 30 ನಿಮಿಷ ಅಂತ ದವಾಖಾನಿ ಚೀಟ್ಯಾಗ ಐತ್ರಿ. ಕುಂಡಲ್ಯಾಗ ಲಗ್ನ 28 ಅಂಶ ಬರದಾರ.

ಮಾಳಮಡ್ಡಿ ಕಾಕಾ (ಧಾರವಾಡ):
ಅಲ್ಲೇ ಅದ ನೋಡ್ರಿ ಪ್ಯಾಚು. ಲಗ್ನ ಒಂದು ಅಂಶ ಸರೀಲಿಕ್ಕೆ ಸುಮಾರು ನಾಲ್ಕು ನಿಮಿಷ. ಎರಡು ಅಂಶ ಉಳದದ ಅಂದ್ರ ಏಳೆಂಟು ನಿಮಿಷಕ್ಕ ಕುಂಭ ಲಗ್ನ ಬರ್ತದ. ಮೂರೂವರಿ ಅನ್ನೂದು ದುಂಡಗಿನ ಹೊತ್ತು. ಹೆರಿಗಿ ಕೋಣ್ಯಾಗ ಗಡಿಯಾರ ನೋಡಿ ಬರದದ್ದೋ, ಎಲ್ಲಾ ಮುಗಿದ ಮ್ಯಾಲ ನೆನಪ ಮಾಡ್ಕೊಂಡು ಬರದದ್ದೋ ಗೊತ್ತಾಗೂದಿಲ್ಲ.

ಕುಂಭ ಲಗ್ನ ಅಂತ ಹಿಡೀರಿ. ಕುಜ ಆರನೇ ಮನಿಗೆ ಹೋದ. ಲಗ್ನದಿಂದ ಕುಜ ದೋಷ ಹೋತು, ಭಂಗದ ಮಾತೇ ಬರೂದಿಲ್ಲ. ಕುಜನ್ನಷ್ಟ ನೋಡೋ ಪಂಡಿತರು ಖುಷಿಯಿಂದ ಕುಂಡಲಿ ವಾಪಸ್ ಕೊಡ್ತಾರ. ಆದ್ರ ಶನಿ ಎರಡಕ್ಕ ಬಂದ, ರವಿ ರಾಹು ಎಂಟಕ್ಕ ಬಂದ್ರು. ಲಗ್ನದಿಂದ 1 ಇದ್ದದ್ದು 3 ಆತು. ಚಂದ್ರ ಶುಕ್ರನ 2.5 ಹಂಗ ಇರ್ತದ, ಒಟ್ಟು 5.5. ಹುಡುಗಂದು 4. ಮಗಳದು ಒಂದೂವರಿ ಹೆಚ್ಚಾತು, ಅದೂ ಎರಡು ಪಾಪ ಮಾಂಗಲ್ಯ ಸ್ಥಾನದಾಗ.

ಹುಡುಗಂದು ಇಷ್ಟು ನಾಜೂಕಿಲ್ಲ. ಲಗ್ನದಾಗ ರವಿ ಅಂದ್ರ ಸೂರ್ಯೋದಯದ ಹೊತ್ತಿಗೆ ಹುಟ್ಯಾನ. ಲಗ್ನ ರಾಶಿ ನಡುವ ಇದ್ರ ಅರ್ಧ ತಾಸು ಹಿಂದ ಮುಂದ ಆದ್ರೂ ಬದಲಾಗೂದಿಲ್ಲ. ಆದ್ರೂ ಅಂಶ ಕೇಳಿಟ್ಕೊಳ್ರಿ.

ರಾಣೇಬೆನ್ನೂರು ಹುಡುಗ:
ಅಂದ್ರ ಎಂಟು ನಿಮಿಷಕ್ಕ ಹೂಂ ಇದ್ದದ್ದು ಉಹೂಂ ಆತು. ಇದಕ್ಕಿಂತ ದೋಷ ಭಂಗನ ಚಲೋ ಅಲ್ಲೇನ್ರಿ ಕಾಕಾರ?

ಮಾಳಮಡ್ಡಿ ಕಾಕಾ (ಧಾರವಾಡ):
ಭಂಗಕ್ಕೂ ಅದ ಎಂಟು ನಿಮಿಷ ಬಡೀತದ ತಮ್ಮಾ. ಲಗ್ನ ಬದಲಾದ್ರ ಏಳನೇ ಕುಜನ ಇಲ್ಲ, ಭಂಗ ಮಾಡೂದು ಯಾರಿಗೆ? ಅಲ್ಲಿ ತಪ್ಪು ಕಾಣಸೂದಿಲ್ಲ, ಇಲ್ಲಿ ಅಂಕಿಯಾಗ ಕಾಣಸ್ತದ. ಅದಕ್ಕ ಲಗ್ನ ರಾಶಿ ಅಂಚಿನಾಗ ಇದ್ರ ನಾನು ಎರಡೂ ಲಗ್ನ ಹಾಕಿ ನೋಡ್ತೀನಿ. ಎರಡರಾಗೂ ಹೊಂದಿದ್ರ ನಿಶ್ಚಿಂತಿ. ಒಂದರಾಗ ಹೊಂದಿ ಒಂದರಾಗ ಬಿಟ್ರ ಸಮಯ ಖಾತ್ರಿ ಆಗೂ ತನಕ ಬಾಯಿ ಬಿಡೂದಿಲ್ಲ. ಇನ್ನೊಂದು, ಇಬ್ಬರದೂ ಸಮ ಬಂತು ಅಂದ್ರ ಸಂಸಾರ ಚಲೋ ಅಂತ ಅರ್ಥ ಅಲ್ಲ. ಏಳನೇ ಅಧಿಪತಿ, ದಶಾ ಸಂಧಿ, ಗುರು ಚಂದ್ರನ್ನ ನೋಡೂದು, ಇದ್ಯಾವುದೂ ಆ ಅಂಕಿಯಾಗ ಇಲ್ಲ.

ಬೆಟಗೇರಿ ಮಾಸ್ತರ (ಗದಗ):
ಎರಡೂ ಲಗ್ನ ಹಾಕಿ ನೋಡುವುದನ್ನು ಒಪ್ಪುತ್ತೇನೆ. ಅಳತೆಯಲ್ಲಿ ತಪ್ಪು ಎಷ್ಟಿರಬಹುದು ಎಂದು ಮೊದಲೇ ಹೇಳುವವರು ಕಡಿಮೆ. ಒಂದು, ಅರ್ಧ, ಕಾಲು ಎಂಬ ತೂಕ ಯಾಕೆ ಎಂಬ ಪ್ರಶ್ನೆ ಮಾತ್ರ ನನಗೆ ಹಾಗೇ ಉಳಿಯಿತು.

ಕೇಶ್ವಾಪುರದ ಅಪ್ಪ (ಹುಬ್ಬಳ್ಳಿ):
ಕಾಕಾರ, ಮನ್ಯಾಗ ಕೇಳಿದೆ. ನಮ್ಮವ್ವ ಹೇಳತಾಳ, ಕೂಸು ಅತ್ತ ಮ್ಯಾಲ ನರ್ಸಬಾಯಿ ಹೊರಗ ಬಂದು ಹೆಣ್ಣು ಅಂದಾಗ ತಾನು ಗೋಡಿ ಗಡಿಯಾರ ನೋಡೀನಿ, ಮೂರೂವರಿ ಆಗಿತ್ತು ಅಂತ. ಅದನ್ನ ಚೀಟ್ಯಾಗ ಬರಿಸಿದ್ದಂತ.

ಮಾಳಮಡ್ಡಿ ಕಾಕಾ (ಧಾರವಾಡ):
ಹಂಗಿದ್ರ ಕೂಸು ಹುಟ್ಟಿದ್ದು ಮೂರೂವರಿಗಿಂತ ಮೊದಲ. ಹಿಂದ ಸರಿದ್ರ ಮಕರ ಇನ್ನೂ ಗಟ್ಟಿ ಆಗ್ತದ, 3.5 ನಿಲ್ತದ. ಆ ಗೋಡಿ ಗಡಿಯಾರ ಹಿಂದ ಇತ್ತೋ ಮುಂದ ಇತ್ತೋ, ಅಷ್ಟು ಅವ್ವಾರನ್ನ ಕೇಳ್ರಿ. ಹುಡುಗನ ಲಗ್ನದ ಅಂಶ ತರಿಸ್ರಿ, ಆಮ್ಯಾಲ ದಶಾ ನೋಡೂಣು.